ಪಂಚ್ ಫೇಸ್, ಹೆವಿ ಬೋನ್ ಮತ್ತು ಯಾರೂ ಓದದ ಎರಡು ಪುಟ

ಠಾಣೆಯಲ್ಲಿರುವ ನನ್ನ ಅಕ್ಕನ ಮಗ ಒಂದು ರಾತ್ರಿ ವಾಟ್ಸಾಪಿನಲ್ಲಿ ನಾಯಿಯ ಫೋಟೋ ಕಳಿಸಿದ. ಹಳದಿ ಲ್ಯಾಬ್ರಡಾರ್ ಗಂಡು. ದೊಡ್ಡ ತಲೆ, ಅಗಲ ಎದೆ, ಕೊರಳಲ್ಲಿ ಶೋ ನಾಯಿಗಳಿಗೆ ಹಾಕುವ ತೆಳು ಪಟ್ಟಿ. ಕೆಳಗೆ ಮಾರುವವನ ಒಕ್ಕಣೆ: "ಪಂಚ್ ಫೇಸ್, ಹೆವಿ ಬೋನ್, ಡಬಲ್ ಕೋಟ್, ಚಾಂಪಿಯನ್ ಲೈನ್, ಕೆಸಿಐ ಪೇಪರ್ ಸಹಿತ." ಮರಿಯ ಅಪ್ಪ ಇದು. ಮರಿಗೆ 40 ಸಾವಿರ. ಪೇಪರ್ ಇಲ್ಲದ, ಈ ವಿಶೇಷಣಗಳೂ ಇಲ್ಲದ ಮರಿ ಅದೇ ಮನುಷ್ಯನ ಬಳಿ 15 ಸಾವಿರಕ್ಕೆ ಇತ್ತಂತೆ.

"ಮಾಮಾ, ಒಂದ್ಸಲ ನೋಡಿ ಹೇಳ್ರಿ. ಪಕ್ಕಾ ಬ್ರೀಡ್ ಹೌದಲ್ಲ? ಐದು ಸಾವಿರ ಅಡ್ವಾನ್ಸ್ ಕೊಟ್ಟೀನಿ."

ಪುಣೆಗೆ ಬಂದ ಮೇಲೆ ನಾಯಿಗಳ ಪ್ರದರ್ಶನಕ್ಕೆ ಹೋಗುವ ಚಟ ನನಗೆ ಹತ್ತಿದ್ದರಿಂದ ಮನೆಯವರು, ಆಫೀಸಿನವರು, ಸೊಸೈಟಿಯವರು ಎಲ್ಲರೂ ಇಂಥ ಫೋಟೋ ನನಗೆ ಕಳಿಸುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ, ಎಲ್ಲರಿಗೂ ಬೇಕಾದ ಉತ್ತರವೂ ಒಂದೇ ಪದದ್ದು. ಆ ಒಂದು ಪದದ ಉತ್ತರ ಕೊಡುವವನನ್ನು ನಂಬಬೇಡಿ ಎನ್ನುವುದು ಈ ಬರಹದ ಮೊದಲ ಮಾತು. ಇನ್ನೊಂದು ಮಾತು ಇದಕ್ಕಿಂತ ಕಹಿ. ನಾವು ಯಾವ ಗುಣಗಳಿಗೆ 25 ಸಾವಿರ ಹೆಚ್ಚು ಕೊಡುತ್ತಿದ್ದೇವೋ ಅವನ್ನು ಆ ತಳಿಯ ಲಿಖಿತ ಮಾನದಂಡ ಗುಣ ಎಂದು ಒಪ್ಪುವುದೇ ಇಲ್ಲ, ದೋಷ ಎಂದು ಹೇಳುತ್ತದೆ.

ಮಾನದಂಡ ಎಂದರೆ ಗುಟ್ಟಿನ ಗ್ರಂಥವಲ್ಲ. ಲ್ಯಾಬ್ರಡಾರಿನದು ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಪಟ್ಟಿಯಲ್ಲಿ 122ನೇ ಸಂಖ್ಯೆ. ತಳಿಯ ತಾಯ್ನಾಡು ಬ್ರಿಟನ್ ಎಂದು ದಾಖಲಾಗಿರುವುದರಿಂದ ಪಠ್ಯ ಬ್ರಿಟಿಷ್ ಕೆನಲ್ ಕ್ಲಬ್ಬಿನದು. ಮುದ್ರಿಸಿದರೆ ಎರಡು ಮೂರು ಪುಟ, ಅಂತರಜಾಲದಲ್ಲಿ ಉಚಿತ. ಅಮೆರಿಕದ ಕೆನಲ್ ಕ್ಲಬ್ಬಿನದು ಬೇರೆ ಪಠ್ಯ, ಸ್ವಲ್ಪ ಉದ್ದ. ಎರಡರ ನಡುವೆ ಎತ್ತರದಲ್ಲೇ ವ್ಯತ್ಯಾಸವಿದೆ. ಬ್ರಿಟಿಷ್ ಪಠ್ಯದಲ್ಲಿ ಗಂಡಿಗೆ ಭುಜದ ಹತ್ತಿರ 56ರಿಂದ 57 ಸೆಂ.ಮೀ., ಅಮೆರಿಕದ್ದರಲ್ಲಿ ಸುಮಾರು 57ರಿಂದ 62. ಆದ್ದರಿಂದ ಯಾರಾದರೂ "ಸ್ಟ್ಯಾಂಡರ್ಡ್ ಪ್ರಕಾರ ಇದೆ" ಅಂದರೆ ಮೊದಲು ಕೇಳಬೇಕಾದದ್ದು: ಯಾವ ಸ್ಟ್ಯಾಂಡರ್ಡ್? ಅಕ್ಕನ ಮಗನಿಗೆ ಮಾರುವವನನ್ನು ಹೀಗೆ ಕೇಳಲು ಹೇಳಿದೆ. "ಕೆಸಿಐ ಪೇಪರ್ ಇದೆಯಲ್ಲ ಸರ್" ಎಂದು ಉತ್ತರ ಬಂತು.

ಇಲ್ಲೇ ಮೊದಲ ಮೋಸ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಪ್ರಮಾಣಪತ್ರ ಒಂದು ವಂಶಾವಳಿ. ಈ ನಾಯಿಯ ಅಪ್ಪ ಅಮ್ಮ ಯಾರು, ಅವರ ಅಪ್ಪ ಅಮ್ಮ ಯಾರು, ಇದರ ಮೈಕ್ರೋಚಿಪ್ ಸಂಖ್ಯೆ ಯಾವುದು ಎಂದು ಅದು ಹೇಳುತ್ತದೆ. ನಾಯಿಯ ತಲೆ ಸರಿಯಿದೆ, ಬಾಲ ಸರಿಯಿದೆ ಎಂದು ಹೇಳುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿದ್ದವರಿಗೆಲ್ಲ ಆರೋಗ್ಯ ಸರಿಯಿದೆ ಎಂದು ಯಾರೂ ತಿಳಿಯುವುದಿಲ್ಲವಲ್ಲ!

ಇನ್ನು ಫೋಟೋ. ನಾನು ಮಾನದಂಡವನ್ನು ಪಕ್ಕದಲ್ಲಿಟ್ಟುಕೊಂಡು ಕಾಗದದ ಮೇಲೆ ಮೂರು ಕಾಲಂ ಗೀಟು ಹಾಕುತ್ತೇನೆ: ಹೊಂದುತ್ತದೆ, ಹೊಂದುವುದಿಲ್ಲ, ಈ ಫೋಟೋದಲ್ಲಿ ಕಾಣುವುದಿಲ್ಲ. ಮಾನದಂಡದ ಒಂದೊಂದು ವಾಕ್ಯಕ್ಕೂ ಒಂದೊಂದು ಗುರುತು. ಮೂರನೆಯ ಕಾಲಂ ತುಂಬುತ್ತ ಹೋದರೆ ನಿಮ್ಮ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಅರ್ಥ. "ಪಕ್ಕಾ ಬ್ರೀಡ್" ಎನ್ನುವವರ ಕಾಗದದಲ್ಲಿ ಆ ಕಾಲಮ್ಮೇ ಇರುವುದಿಲ್ಲ.

ಅವನು ಕಳಿಸಿದ ಮೊದಲ ಫೋಟೋದಲ್ಲಿ ನಾಯಿ ಹುಲ್ಲಿನ ಮೇಲೆ ಕ್ಯಾಮೆರಾಗೆ ಮುಖ ಮಾಡಿ ನಿಂತಿತ್ತು, ತೆಗೆದವನು ನಿಂತುಕೊಂಡೇ ಹತ್ತಿರದಿಂದ ತೆಗೆದಿದ್ದ. ಫೋನಿನ ಸಾಮಾನ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರ ಹೋದಷ್ಟೂ ಅದಕ್ಕೆ ಸಮೀಪದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುತ್ತದೆ. ನಾಯಿಯ ತಲೆ ಕ್ಯಾಮೆರಾದಿಂದ ಮೂರಡಿ, ಪಾದ ಐದಡಿ ದೂರ ಇದ್ದರೆ ತಲೆ ಉಬ್ಬುತ್ತದೆ, ಕಾಲು ಕುಗ್ಗುತ್ತದೆ. ಹುಲ್ಲು ಪಾದಗಳನ್ನು ಮುಚ್ಚಿ ಇನ್ನೂ ಎರಡು ಸೆಂ.ಮೀ. ನುಂಗುತ್ತದೆ. "ಪಂಚ್ ಫೇಸ್" ಎಂದು ಮಾರುವ ಫೋಟೋಗಳಲ್ಲಿ ಹೆಚ್ಚಿನವು ಹೀಗೇ ತೆಗೆದವು. ಈ ಫೋಟೋಗೆ ನನ್ನ ಕಾಗದದಲ್ಲಿ ಬಣ್ಣ ಒಂದನ್ನು ಬಿಟ್ಟು ಎಲ್ಲವೂ ಮೂರನೆಯ ಕಾಲಮ್ಮಿಗೆ ಹೋಯಿತು.

ಬೇರೆ ಫೋಟೋ ಕೇಳಲು ಹೇಳಿದೆ. ಸಿಮೆಂಟ್ ನೆಲದ ಮೇಲೆ ನಾಯಿ ಅಡ್ಡ ನಿಲ್ಲಬೇಕು. ತೆಗೆಯುವವರು ನಾಲ್ಕೈದು ಮೀಟರ್ ಹಿಂದೆ ಸರಿದು, ಮಂಡಿಯೂರಿ, ಕ್ಯಾಮೆರಾವನ್ನು ನಾಯಿಯ ಎದೆಯ ಮಟ್ಟಕ್ಕೆ ಹಿಡಿದು, ಎರಡು ಪಟ್ಟು ಜೂಮ್ ಹಾಕಬೇಕು. ಮುಂಗಾಲು ನೆಟ್ಟಗೆ, ಹಿಂಗಾಲಿನ ಹಿಮ್ಮಡಿಯಿಂದ ಪಾದದವರೆಗಿನ ಭಾಗ ನೆಲಕ್ಕೆ ಲಂಬವಾಗಿ ಇರಬೇಕು. ಹಾಗೆಯೇ ತಲೆಯದೊಂದು ಪಕ್ಕದ ನೋಟ. ಎರಡು ದಿನ ಬಿಟ್ಟು ಬಂದವು. ಸರಿಯಾಗಿ ತೆಗೆದಿದ್ದಾರೆಯೇ ಎಂದು ತಿಳಿಯಲು ಸುಲಭದ ಗುರುತೊಂದಿದೆ. ನಮ್ಮ ಕಡೆಯ ಪಾದಗಳೂ ಆಚೆ ಕಡೆಯ ಪಾದಗಳೂ ಚಿತ್ರದಲ್ಲಿ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿರಬೇಕು. ಆಚೆಯ ಪಾದಗಳು ಮೇಲಕ್ಕೆ ಕಂಡರೆ, ಬೆನ್ನಿನ ಮೇಲ್ಭಾಗ ಹರಡಿದಂತೆ ಕಂಡರೆ ಕ್ಯಾಮೆರಾ ಎತ್ತರದಲ್ಲಿತ್ತು. ಈ ಸಲ ಪಾದಗಳು ಒಂದೇ ಗೆರೆಯಲ್ಲಿದ್ದವು.

ಮೊದಲು ಒಟ್ಟು ಸಮತೋಲ. ಜನ ತಲೆಯಿಂದ ಶುರು ಮಾಡುತ್ತಾರೆ, ತಲೆಗೆ ಮನಸೋತ ಮೇಲೆ ಉಳಿದದ್ದು ಕಾಣುವುದಿಲ್ಲ. ಬ್ರಿಟಿಷ್ ಪಠ್ಯ ಮೈಕಟ್ಟು ಬಲವಾಗಿರಬೇಕು, ಪಕ್ಕೆಲುಬು ಮುಗಿದ ಮೇಲಿನ ಸೊಂಟದ ಭಾಗ ಗಿಡ್ಡವಾಗಿರಬೇಕು, ಬೆನ್ನು ಸಮವಾಗಿರಬೇಕು ಎನ್ನುತ್ತದೆ, ಆದರೆ ಉದ್ದಕ್ಕೂ ಎತ್ತರಕ್ಕೂ ಲೆಕ್ಕ ಕೊಡುವುದಿಲ್ಲ. ಅಮೆರಿಕದ ಪಠ್ಯ ಕೊಡುತ್ತದೆ. ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಭುಜದ ಮೇಲಿಂದ ನೆಲದವರೆಗಿನ ಎತ್ತರಕ್ಕೆ ಸಮ ಅಥವಾ ಸ್ವಲ್ಪ ಹೆಚ್ಚು. ಮೊಣಕೈಯಿಂದ ನೆಲಕ್ಕೆ ಇರುವ ದೂರ ಆ ಎತ್ತರದ ಅರ್ಧ. ಲೆಕ್ಕಕ್ಕೆ ಇದನ್ನೇ ಹಿಡಿದೆ, ಇದು ಅಮೆರಿಕದ್ದು ಎಂದು ಕಾಗದದಲ್ಲಿ ಬರೆದೂ ಇಟ್ಟೆ.

ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಅಳೆದೆ. ಎತ್ತರ 600 ಪಿಕ್ಸೆಲ್. ಉದ್ದ 690. ಮೊಣಕೈಯಿಂದ ನೆಲಕ್ಕೆ 264. ಉದ್ದ ಎತ್ತರಕ್ಕಿಂತ ನೂರಕ್ಕೆ 15 ಹೆಚ್ಚು. ಕಾಲು ಅರ್ಧವಿರುವ ಬದಲು ನೂರಕ್ಕೆ 44. ಅಳತೆಯಲ್ಲಿ ತಪ್ಪಿರಬಹುದು, ಕೂದಲಡಿಯಲ್ಲಿ ಮೊಣಕೈಯ ತುದಿ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆಂದು ಹತ್ತು ಹದಿನೈದು ಪಿಕ್ಸೆಲ್ ಬಿಡೋಣ. ಆದರೆ ಅರ್ಧ ಎಂದರೆ 300. ಮೂವತ್ತಾರು ಪಿಕ್ಸೆಲ್ ಕೊರತೆಯನ್ನು ಕೂದಲಿನ ಮೇಲೆ ಹಾಕಲಾಗುವುದಿಲ್ಲ. ಉದ್ದದ ವಿಷಯದಲ್ಲಿ ಇನ್ನೊಂದು ಮಾತು. ನಾಯಿ ಪೂರ್ತಿ ಅಡ್ಡ ನಿಲ್ಲದೆ ಸ್ವಲ್ಪ ಓರೆಯಾಗಿದ್ದರೆ ಚಿತ್ರದಲ್ಲಿ ಉದ್ದ ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ಅಂದರೆ ತಪ್ಪಿದ್ದರೂ ಅದು ಈ ನಾಯಿಗೆ ಅನುಕೂಲವಾಗಿಯೇ ಇದೆ. ಇದು ಗಿಡ್ಡ ಕಾಲಿನ, ಉದ್ದ ಮೈಯ ನಾಯಿ. ಎರಡನೆಯ ಕಾಲಂ.

ಈಗ "ಹೆವಿ ಬೋನ್" ಅನ್ನುವ ಮಾತಿಗೆ ಬನ್ನಿ. ಬ್ರಿಟಿಷ್ ಪಠ್ಯ ಮುಂಗಾಲಿಗೆ ಒಳ್ಳೆಯ ಮೂಳೆ ಇರಬೇಕು, ಮೊಣಕೈಯಿಂದ ನೆಲದವರೆಗೆ ನೇರವಾಗಿರಬೇಕು ಎನ್ನುತ್ತದೆ. ಅಮೆರಿಕದ ಪಠ್ಯ ಇನ್ನೂ ಬಿಡಿಸಿ ಹೇಳಿದೆ: ಮೂಳೆ ತೀರಾ ಕಡಿಮೆಯಾದರೆ ಎಷ್ಟು ತಪ್ಪೋ ತೀರಾ ಹೆಚ್ಚಾದರೂ ಅಷ್ಟೇ ತಪ್ಪು, ಗಿಡ್ಡ ಕಾಲಿನ ಭಾರೀ ಮೂಳೆಯ ನಾಯಿಗಳು ಈ ತಳಿಯ ಮಾದರಿಯಲ್ಲ. ಮಾರುವವನು ಹೊಗಳಿಕೆ ಎಂದು ಬರೆದದ್ದನ್ನು ಮಾನದಂಡ ದೋಷದ ಪಟ್ಟಿಯಲ್ಲಿಟ್ಟಿದೆ. ಕೆಲವು ಜಾಹೀರಾತುಗಳಲ್ಲಿ "ಡಬಲ್ ಬೋನ್" ಎಂದೂ ನೋಡಿದ್ದೇನೆ. ಆ ಪದ ಯಾವ ಮಾನದಂಡದಲ್ಲೂ ಇಲ್ಲ.

ತೂಕ ಎಷ್ಟು ಎಂದು ಕೇಳಿಸಿದೆ. "ಐವತ್ತು ಕೆಜಿ ಸರ್!" ಎಂದು ಹೆಮ್ಮೆಯ ಉತ್ತರ. ಅಮೆರಿಕದ ಪಠ್ಯದಲ್ಲಿ ಗಂಡಿಗೆ 65ರಿಂದ 80 ಪೌಂಡ್, ಅಂದರೆ ಸುಮಾರು 29.5ರಿಂದ 36 ಕೆಜಿ. ಬ್ರಿಟಿಷ್ ಪಠ್ಯ ತೂಕ ಹೇಳುವುದಿಲ್ಲ, ಆದರೆ ನಾಯಿ ಬಹಳ ಚುರುಕಾಗಿರಬೇಕು ಎಂದು ಹೇಳಿ, ಅತಿ ತೂಕ ಮತ್ತು ಅತಿ ದಪ್ಪ ಮೈ ಇದರಲ್ಲಿ ಸಲ್ಲದು ಎಂದು ಆರಂಭದ ವಿವರಣೆಯಲ್ಲೇ ಸೇರಿಸಿದೆ. ಬ್ರಿಟಿಷ್ ಎತ್ತರಕ್ಕೆ ಐವತ್ತು ಕೆಜಿ ಎಂದರೆ ಅದು ಬೊಜ್ಜು. ಲ್ಯಾಬ್ರಡಾರಿನಲ್ಲಿ ಬೊಜ್ಜಿಗೆ ವಂಶದ ಒಲವೂ ಇದೆ. ಕೇಂಬ್ರಿಜ್ ಸಂಶೋಧಕರು 2016ರಲ್ಲಿ ಈ ತಳಿಯ ಅನೇಕ ನಾಯಿಗಳಲ್ಲಿ POMC ಎಂಬ ಜೀನ್‌ನ ಒಂದು ತುಂಡು ಕಾಣೆಯಾಗಿರುವುದನ್ನೂ, ಅಂಥ ನಾಯಿಗಳಿಗೆ ತಿನ್ನುವ ಆಸೆ ಮತ್ತು ತೂಕ ಹೆಚ್ಚಿರುವುದನ್ನೂ ತೋರಿಸಿದರು. ಅಂಥ ತಳಿಯಲ್ಲಿ ದಪ್ಪ ಅಪ್ಪನನ್ನೇ ಹುಡುಕಿ ದುಡ್ಡು ಕೊಟ್ಟರೆ ಮುಂದಿನ ಮಂಡಿನೋವು, ಸೊಂಟನೋವು ಯಾರಿಗೆ? ಮೂರನೆಯ ಮಹಡಿಯ ಲಿಫ್ಟ್ ಇಲ್ಲದ ಫ್ಲ್ಯಾಟಿನಲ್ಲಿ ಅದನ್ನು ಎತ್ತಿಕೊಂಡು ಇಳಿಯುವವರು ಯಾರು?

ತಲೆ. ಬ್ರಿಟಿಷ್ ಪಠ್ಯದ ಪ್ರಕಾರ ತಲೆಬುರುಡೆ ಅಗಲ, ಹಣೆಯಿಂದ ಮೂತಿಗೆ ಇಳಿಯುವ ಜಾಗದಲ್ಲಿ ಸ್ಪಷ್ಟ ತಗ್ಗು, ಕೆನ್ನೆಯಲ್ಲಿ ಮಾಂಸ ಜೋತಿರಬಾರದು, ದವಡೆ ಮಧ್ಯಮ ಉದ್ದ, ಬಲವಾಗಿರಬೇಕು, ಚೂಪಾಗಿರಬಾರದು. ಕಿವಿ ದೊಡ್ಡದಾಗಲಿ ಭಾರವಾಗಲಿ ಇರದೆ ತಲೆಗೆ ಅಂಟಿದಂತೆ, ಸ್ವಲ್ಪ ಹಿಂದಕ್ಕೆ ಕೂತಿರಬೇಕು. ಅಮೆರಿಕದ ಪಠ್ಯ ತಲೆಬುರುಡೆಯೂ ಮೂತಿಯೂ ಹೆಚ್ಚು ಕಡಿಮೆ ಒಂದೇ ಉದ್ದ ಇರಬೇಕು ಎನ್ನುತ್ತದೆ, ಭಾರೀ ಗಾತ್ರದ, ಕೆನ್ನೆ ಉಬ್ಬಿದ ತಲೆ ತಪ್ಪು ಎಂದೂ ಹೇಳುತ್ತದೆ. ನಮ್ಮ ಪೇಟೆಯ "ಪಂಚ್ ಫೇಸ್" ಎಂದರೆ ಏನು? ಗುದ್ದು ತಿಂದು ಒಳಕ್ಕೆ ಹೋದಂಥ ಗಿಡ್ಡ ಮೂತಿ, ಉಬ್ಬಿದ ಕೆನ್ನೆ. ಮಾನದಂಡ ಬೇಡ ಅಂದದ್ದರ ಹೆಸರೇ ಅದು.

ಪಕ್ಕದ ನೋಟದಲ್ಲಿ ಅಳೆದೆ. ತಲೆಯ ಹಿಂದಿನ ಉಬ್ಬಿನಿಂದ ಕಣ್ಣಿನ ನಡುವಿನ ತಗ್ಗಿನವರೆಗೆ 120, ಅಲ್ಲಿಂದ ಮೂಗಿನ ತುದಿಗೆ 90. ಮೂತಿ ತಲೆಬುರುಡೆಯ ಮುಕ್ಕಾಲು. ತಗ್ಗು ಸ್ಪಷ್ಟವಿದೆ, ಕಿವಿಯ ಜಾಗ ಸರಿಯಿದೆ: ಇವೆರಡಕ್ಕೆ ಮೊದಲ ಕಾಲಂ ಕೊಟ್ಟೆ, ಕೊಡಲೇಬೇಕು. ಕೆನ್ನೆ ಮತ್ತು ಮೂತಿ ಎರಡನೆಯದಕ್ಕೆ. ಹಲ್ಲಿನ ಕಚ್ಚು ಹೇಗಿದೆ? ಮೇಲಿನ ಹಲ್ಲು ಕೆಳಗಿನದರ ಮುಂದೆ ಒತ್ತಾಗಿ ಕತ್ತರಿಯಂತೆ ಕೂರಬೇಕು. ಬಾಯಿ ಮುಚ್ಚಿದೆ, ಮೂರನೆಯ ಕಾಲಂ. ಈ ನಾಯಿ ಹೊಡೆದ ಹಕ್ಕಿಯನ್ನು ಬಾಯಲ್ಲಿ ಹಿಡಿದು ನೀರು ದಾಟಿ ತರಲು ಬೆಳೆಸಿದ ನಾಯಿ. ಮೂತಿಯ ಉದ್ದ ಆ ಕೆಲಸದ ಅಳತೆ.

ಬಾಲ. ನನಗೆ ಇಡೀ ಮಾನದಂಡದಲ್ಲಿ ಇಷ್ಟದ ಭಾಗ ಇದು. ಬಾಲವನ್ನು ಅದು ನೀರುನಾಯಿಯ ಬಾಲಕ್ಕೆ ಹೋಲಿಸುತ್ತದೆ. ಕಾವೇರಿ, ತುಂಗಭದ್ರೆಯಲ್ಲಿ ನೀರುನಾಯಿ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬುಡದಲ್ಲಿ ಬಹಳ ದಪ್ಪ, ತುದಿಗೆ ಹೋಗುತ್ತ ಸಣ್ಣ, ಮಧ್ಯಮ ಉದ್ದ, ಸುತ್ತಲೂ ಗಿಡ್ಡ ದಟ್ಟ ಕೂದಲು ತುಂಬಿ ಗುಂಡಗೆ ಕಾಣಬೇಕು. ಕೆಳಗಡೆ ಉದ್ದ ಕೂದಲು ಜಾಲರಿಯಂತೆ ಇಳಿಬಿದ್ದಿರಬಾರದು. ಖುಷಿಯಲ್ಲಿ ಮೇಲೆತ್ತಬಹುದು, ಬೆನ್ನಿನ ಮೇಲೆ ಸುರುಳಿಯಾಗಬಾರದು. ಈಜುವಾಗ ಇದೇ ಅದರ ಚುಕ್ಕಾಣಿ.

ಈ ನಾಯಿಯ ಬಾಲದ ಬುಡ ದಪ್ಪವಾಗಿತ್ತು, ಉದ್ದವೂ ಹಿಂಗಾಲಿನ ಹಿಮ್ಮಡಿಯನ್ನು ದಾಟಿರಲಿಲ್ಲ. ಹೊಂದುತ್ತದೆ. ಆದರೆ ಎರಡು ಸಂಗತಿ. ಫೋಟೋದಲ್ಲಿ ಯಾರದೋ ಕೈ ಬಾಲವನ್ನು ಹಿಂದಕ್ಕೆ ನೇರವಾಗಿ ಹಿಡಿದಿತ್ತು. ಪ್ರದರ್ಶನದಲ್ಲಿ ಹೀಗೆ ಹಿಡಿಯುವುದು ರೂಢಿ, ತಪ್ಪೇನಲ್ಲ. ಆದರೆ ಹಿಡಿದ ಬಾಲ ಬಿಟ್ಟಾಗ ಎಲ್ಲಿಗೆ ಹೋಗುತ್ತದೆ ಎಂದು ಆ ಚಿತ್ರ ಹೇಳಲಾರದು. ಎರಡನೆಯದು, ಬಾಲದ ತುದಿ ಬ್ರಶ್ಶಿನಂತೆ ಒಂದೇ ಗೆರೆಗೆ ಮುಗಿದಿತ್ತು, ಕತ್ತರಿ ಆಡಿದ ಗುರುತು. ಕತ್ತರಿ ತುದಿಗೆ ಬಂದಿದ್ದರೆ ಕೆಳಭಾಗಕ್ಕೂ ಬಂದಿರಬಹುದು. ಹಾಗಾಗಿ ಜಾಲರಿ ಇಲ್ಲ ಎನ್ನುವುದನ್ನು ಮೊದಲ ಕಾಲಮ್ಮಿನಿಂದ ಹೊಡೆದು ಮೂರನೆಯದರಲ್ಲಿ ಬರೆದೆ.

ಕೂದಲು. ಇಲ್ಲಿ ಫೋಟೋ ಬಹುತೇಕ ಸೋಲುತ್ತದೆ, ಯಾಕೆಂದರೆ ಮಾನದಂಡ ಇಲ್ಲಿ ಕಣ್ಣನ್ನಲ್ಲ, ಕೈಯನ್ನು ಕೇಳುತ್ತದೆ. ಗಿಡ್ಡ, ದಟ್ಟ, ಮುಟ್ಟಿದರೆ ತುಸು ಒರಟು. ಕೆಳಗೆ ನೀರು ಚಳಿ ತಡೆಯುವ ಮೆತ್ತನೆಯ ಒಳಪದರ. ಎರಡು ಪದರ ಎಲ್ಲ ಸರಿಯಾದ ಲ್ಯಾಬ್ರಡಾರಿಗೂ ಇರಲೇಬೇಕಾದ್ದು. ಅದಕ್ಕೆ "ಡಬಲ್ ಕೋಟ್" ಎಂದು ಹೆಚ್ಚು ಹಣ ಕೇಳುವುದು ಇಡ್ಲಿಯ ಜೊತೆ ಚಟ್ನಿ ಉಂಟು ಎಂದು ಬೋರ್ಡ್ ಹಾಕಿದ ಹಾಗೆ. ಪೇಟೆಯಲ್ಲಿ ಆ ಮಾತಿಗೆ ಉದ್ದ, ಮೆತ್ತನೆ, ಪುಸುಪುಸು ಕೂದಲು ಎಂದೇ ಅರ್ಥವಾಗಿಬಿಟ್ಟಿದೆ, ಅದು ಮಾನದಂಡ ಹೇಳಿದ್ದಕ್ಕೆ ಉಲ್ಟಾ. ಚಿತ್ರದಲ್ಲಿ ಕಂಡದ್ದು ಹೊಳಪು ಮಾತ್ರ. ಹೊಳಪು ಸ್ನಾನದಿಂದ ಬರುತ್ತದೆ, ಫಿಲ್ಟರಿನಿಂದಲೂ ಬರುತ್ತದೆ. ಒಳಪದರ ತಿಳಿಯಬೇಕಾದರೆ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ಅದೂ ಕೂದಲು ಉದುರುವ ಕಾಲದಲ್ಲಿ ತೆಳುವಾಗಿರುತ್ತದೆ, ಆಗ ನೋಡಿ ಇಲ್ಲ ಎನ್ನುವುದೂ ತಪ್ಪು.

ಬಣ್ಣ ಮಾತ್ರ ಫೋಟೋದಲ್ಲಿ ಸಾಕಷ್ಟು ತಿಳಿಯುತ್ತದೆ. ಕಪ್ಪು, ಹಳದಿ, ಕಂದು, ಮೂರೇ. ತಿಳಿ ಕೆನೆಯಿಂದ ಕೆಂಪು ನರಿಯ ಬಣ್ಣದವರೆಗೆ ಎಲ್ಲವೂ ಹಳದಿಯೇ. "ವೈಟ್ ಲ್ಯಾಬ್" ಎಂಬ ಬೇರೆ ಬೆಲೆಯ ನಾಯಿ ಇಲ್ಲ. "ಸಿಲ್ವರ್ ಲ್ಯಾಬ್" ಪಟ್ಟಿಯಲ್ಲೇ ಇಲ್ಲ.

ಕಾಗದ ತುಂಬಿತು. ಬಣ್ಣ, ಕಿವಿ, ಹಣೆಯ ತಗ್ಗು, ಬಾಲದ ಬುಡ ಮತ್ತು ಉದ್ದ ಹೊಂದುತ್ತವೆ. ಕಾಲು, ಮೈಯ ಉದ್ದ, ಮೂತಿ, ಕೆನ್ನೆ ಹೊಂದುವುದಿಲ್ಲ. ಹಲ್ಲು, ಕೂದಲಿನ ಮುಟ್ಟು, ಒಳಪದರ, ಬಾಲ ಎತ್ತುವ ರೀತಿ, ನಡಿಗೆ, ಸ್ವಭಾವ, ಸೊಂಟದ ಕೀಲು ಕಾಣುವುದಿಲ್ಲ. ಇದು ಶುದ್ಧ ಲ್ಯಾಬ್ರಡಾರ್ ಇರಬಹುದು, ಇಲ್ಲ ಎಂದು ನಾನು ಹೇಳುತ್ತಿಲ್ಲ. ಶುದ್ಧ ತಳಿಯ ನಾಯಿಯೂ ಮಾನದಂಡಕ್ಕೆ ದೂರ ಇರಬಹುದು, ಮಾನದಂಡದ ಹತ್ತಿರ ಕಾಣುವ ನಾಯಿಯೂ ಮಿಶ್ರ ಇರಬಹುದು. ಫೋಟೋ ಮೊದಲನೆಯದಕ್ಕೆ ಸಾಕ್ಷಿಯಲ್ಲ, ಪೇಪರ್ ಎರಡನೆಯದಕ್ಕೆ ಸಾಕ್ಷಿಯಲ್ಲ. ಇವೆರಡನ್ನು ಕಲಸಿ "ಪಕ್ಕಾ" ಎಂಬ ಒಂದು ಪದ ಮಾಡಿದ್ದೇ ಈ ವ್ಯಾಪಾರದ ಜಾಣತನ.

"ನಮಗೇನು ಶೋಗೆ ಬೇಕೇ? ಮನೆಯಲ್ಲಿ ಸಾಕೋಕೆ" ಎನ್ನುವವರಿದ್ದಾರೆ. ಒಳ್ಳೆಯದು. ಹಾಗಿದ್ದರೆ ಶೋ ಹೆಸರಿನ ವಿಶೇಷಣಗಳಿಗೆ ಹಣ ಯಾಕೆ? ಬೀದಿಯ ನಾಯಿಮರಿಯನ್ನು ತಂದು ಸಾಕಿದರೂ ಅದು ಅಷ್ಟೇ ಪ್ರೀತಿಸುತ್ತದೆ. 40 ಸಾವಿರ ಕೊಡುವವರು ಮಾತ್ರ ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ಓದಿಕೊಳ್ಳಲಿ.

ಇದಕ್ಕಿಂತ ಗಟ್ಟಿ ಆಕ್ಷೇಪ ಒಂದಿದೆ. ನಾಯಿಗಳನ್ನು ಕೆಡಿಸಿದ್ದೇ ಈ ಮಾನದಂಡಗಳು, ಪಗ್, ಬುಲ್‌ಡಾಗ್ ಉಸಿರಾಡಲು ಒದ್ದಾಡುವುದು ಅವುಗಳಿಂದಲೇ, ಅವನ್ನೇ ಹಿಡಿದು ನೀವು ಪಾಠ ಹೇಳುತ್ತೀರಾ ಎಂದು. ಈ ಮಾತಿನಲ್ಲಿ ಸತ್ಯವಿದೆ. 2008ರಲ್ಲಿ ಬಿಬಿಸಿ 'ಪೆಡಿಗ್ರೀ ಡಾಗ್ಸ್ ಎಕ್ಸ್‌ಪೋಸ್ಡ್' ಸಾಕ್ಷ್ಯಚಿತ್ರ ತೋರಿಸಿದ ಮೇಲೆ ಎದ್ದ ಗದ್ದಲದ ಬೆನ್ನಿಗೆ, 2009ರಲ್ಲಿ ಬ್ರಿಟಿಷ್ ಕೆನಲ್ ಕ್ಲಬ್ ತನ್ನ ಅನೇಕ ಮಾನದಂಡಗಳನ್ನು ತಿದ್ದಬೇಕಾಯಿತು. "ಅಗಲ" ಎಂದು ಬರೆದು ಎಷ್ಟು ಅಗಲ ಎಂದು ಬರೆಯದಿದ್ದರೆ ಪ್ರತಿ ಪೀಳಿಗೆಯೂ ಇನ್ನಷ್ಟು ಅಗಲವಾಗುತ್ತದೆ. ಆದರೆ ಲ್ಯಾಬ್ರಡಾರಿನ ವಿಷಯದಲ್ಲಿ ಪಠ್ಯ ಅತಿಯನ್ನು ತಡೆಯುವ ಮಾತನ್ನು ಹೇಳಿಯೇ ಇದೆ. ಅತಿ ಬೇಕು ಎನ್ನುತ್ತಿರುವುದು ನಾವು, ಓದದೆ ಕೊಳ್ಳುವವರು. ತಪ್ಪನ್ನು ಮಾನದಂಡದ ಮೇಲೆ ಹಾಕುವ ಮೊದಲು ಒಮ್ಮೆ ಓದಬೇಕಲ್ಲವೇ?

ಇನ್ನೊಂದು ವಿಷಯ ಹೇಳದೆ ಮುಗಿಸಬಾರದು. ಇಷ್ಟೆಲ್ಲ ಅಳೆದದ್ದು ಅಪ್ಪನ ಫೋಟೋ. ಮರಿಯ ಫೋಟೋವನ್ನು ಮಾನದಂಡಕ್ಕೆ ಹಿಡಿದು ನೋಡಲು ಬರುವುದೇ ಇಲ್ಲ, ಮಾನದಂಡ ಬರೆದಿರುವುದು ಬೆಳೆದ ನಾಯಿಗೆ. ಎಲ್ಲ ಮರಿಗೂ ಮೂತಿ ಗಿಡ್ಡ, ಕಾಲು ದಪ್ಪ, ಕೂದಲು ಮೆತ್ತಗೆ. "45 ದಿನದ ಮರಿ, ಪಂಚ್ ಫೇಸ್ ನೋಡಿ" ಎಂದರೆ ಅದು ಮರಿತನವನ್ನೇ ಮಾರುವುದು. ಆ 45 ದಿನವೂ ಸರಿಯಲ್ಲ. ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರುವಂತಿಲ್ಲ.

ಅಕ್ಕನ ಮಗನಿಗೆ ಕಾಗದದ ಫೋಟೋ ಕಳಿಸಿದೆ. ಮೂರನೆಯ ಕಾಲಂ ಹಿಡಿದು ಮಾರುವವನನ್ನು ಕೇಳು ಎಂದೆ: ಬಾಲ ಬಿಟ್ಟು ನಡೆಸಿದ ವಿಡಿಯೋ, ತುಟಿ ಎತ್ತಿದ ಹಲ್ಲಿನ ಚಿತ್ರ, ಅಪ್ಪ ಅಮ್ಮ ಇಬ್ಬರದೂ ಸೊಂಟದ ಎಕ್ಸ್‌ರೇ ವರದಿ, ಮತ್ತು ಹೋಗಿ ತಾಯಿಯನ್ನು ಕೈಯಲ್ಲಿ ಮುಟ್ಟಿ ನೋಡಲು ಒಂದು ದಿನ. "ಇಷ್ಟು ಯಾರೂ ಕೇಳೋದಿಲ್ಲ ಸರ್, ನಂಬಿಕೆ ಇದ್ರೆ ತಗೊಳ್ಳಿ" ಎಂದು ಉತ್ತರ ಬಂತಂತೆ.

ಇಷ್ಟು ಯಾರೂ ಕೇಳುವುದಿಲ್ಲ ಎನ್ನುವುದು ಅವನು ಹೇಳಿದ ಒಂದೇ ನಿಜ. ಹುಡುಗ ಐದು ಸಾವಿರ ಬಿಟ್ಟ. ಎರಡು ದಿನಕ್ಕೆ ಅದೇ ನಂಬರಿನ ಸ್ಟೇಟಸ್ಸಿನಲ್ಲಿ ಅದೇ ಮರಿಯ ಚಿತ್ರದ ಮೇಲೆ "ಸೋಲ್ಡ್" ಎಂದು ಕೆಂಪಕ್ಷರ ಬಂದಿತ್ತು. ಹುಲ್ಲಿನ ಮೇಲೆ, ಮೇಲಿನಿಂದ ತೆಗೆದ ಚಿತ್ರ.